ಡಾಲರ್ ಸೊನ್ನೆ, ರೂಪಾಯಿ ಬಾಕಿ

ಮೇ ತಿಂಗಳ ಮೊದಲ ವಾರ, ಕುಶಾಲನಗರದ ಒಂದು ಕಾಫಿ ರಫ್ತು ಕಂಪನಿ. ಏಪ್ರಿಲ್ ತಿಂಗಳ ಲಾಭ-ನಷ್ಟದ ಹಾಳೆಯನ್ನು ಅಕೌಂಟೆಂಟ್ ಹೆಣ್ಣುಮಗಳು ಮಾಲೀಕರ ಮೇಜಿನ ಮೇಲಿಟ್ಟಳು. ಅವರ ಬೆರಳು ಮೇಲಿನಿಂದ ಜಾರುತ್ತಾ ಬಂದು ಒಂದು ಸಾಲಿನ ಮೇಲೆ ನಿಂತಿತು. ವಿನಿಮಯ ದರದಿಂದ ನಷ್ಟ, 70,000 ರೂಪಾಯಿ.

"ಅಲ್ಲಮ್ಮ, ಇಟಲಿಯವರ ದುಡ್ಡು ಬಂದದ್ದು ಇದೇ ಏಪ್ರಿಲ್‌ನಲ್ಲಿ. ಬಿಲ್ ಮಾಡಿದಾಗ ಡಾಲರ್ 84 ಇತ್ತು, ಬ್ಯಾಂಕಿನವರು ಕೊಟ್ಟದ್ದು 84.80. ಎಂಬತ್ತು ಸಾವಿರ ಹೆಚ್ಚಿಗೇ ಬಂದಿದೆ. ನೀನು ನೋಡಿದರೆ ನಷ್ಟ ಅಂತ ಬರೆದಿದ್ದೀಯಲ್ಲ?"

"ಮಾರ್ಚ್‌ನಲ್ಲಿ ಒಂದೂವರೆ ಲಕ್ಷ ಲಾಭ ತೋರಿಸಿದ್ದೆವಲ್ಲ ಸರ್, ಅದರಲ್ಲಿ ಕಮ್ಮಿಯಾಯಿತು."

"ಮಾರ್ಚ್‌ನಲ್ಲಿ ದುಡ್ಡೇ ಬಂದಿರಲಿಲ್ಲ!"

ಇಬ್ಬರ ಮಾತೂ ಸರಿ. ಹಾಳೆಯಲ್ಲಿದ್ದ ಅಂಕಿಯೂ ಸರಿ. ಡಾಲರಿನಲ್ಲೋ ಯೂರೋದಲ್ಲೋ ವ್ಯಾಪಾರ ಮಾಡುವ ಕಂಪನಿಗಳಲ್ಲಿ ಇಂಥ ಮಾತುಕತೆ ಹೊಸದೇನಲ್ಲ. ಅಂಕಿಗಳನ್ನು ಮಾತ್ರ ಲೆಕ್ಕಕ್ಕೆ ಸುಲಭವಾಗಲೆಂದು ನಾನು ದುಂಡಗೆ ಮಾಡಿಕೊಂಡಿದ್ದೇನೆ. ಈ ಒಂದೇ ಬಿಲ್ಲನ್ನು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸೋಣ.

ಫೆಬ್ರವರಿ 20ರಂದು ಕಂಪನಿ ಇಟಲಿಯ ಗಿರಾಕಿಗೆ ಒಂದು ಕಂಟೇನರ್ ರೊಬಸ್ಟಾ ಬೀಜ ಕಳಿಸಿತು. ಬಿಲ್ಲಿನ ಮೊತ್ತ 1,00,000 ಡಾಲರ್. ಆ ದಿನದ ದರ 84 ರೂಪಾಯಿ. ಇಆರ್‌ಪಿ ತಂತ್ರಾಂಶದಲ್ಲಿ ಬಿಲ್ಲು ದಾಖಲಾದಾಗ ಗಿರಾಕಿಯ ಖಾತೆಯಲ್ಲಿ ಒಂದಲ್ಲ, ಎರಡು ಅಂಕಿಗಳು ಕೂತವು. ಒಂದು, 1,00,000 ಡಾಲರ್. ಇನ್ನೊಂದು, 84,00,000 ರೂಪಾಯಿ. ಬಹುಕರೆನ್ಸಿ ಲೆಕ್ಕವೆಂದರೆ ಮೂಲದಲ್ಲಿ ಇಷ್ಟೇ: ಪ್ರತಿ ನಮೂದಿಗೂ ಎರಡು ಕಾಲಂ. ಇವೆರಡರಲ್ಲಿ ಡಾಲರಿನದು ಗಿರಾಕಿ ಒಪ್ಪಿ ಸಹಿ ಹಾಕಿದ ಅಂಕಿ. ಅವನು ಕೊಡಬೇಕಾದದ್ದು ಅಷ್ಟೇ, ಅದು ಬದಲಾಗುವುದಿಲ್ಲ. ರೂಪಾಯಿಯದು ಆ ದಿನದ ಅಂದಾಜು. ದುಡ್ಡು ಬಂದು ಬ್ಯಾಂಕ್ ಅದನ್ನು ರೂಪಾಯಿಗೆ ಬದಲಿಸುವವರೆಗೂ ಅದು ಅಂದಾಜಾಗಿಯೇ ಇರುತ್ತದೆ.

ಮಾರ್ಚ್ 31 ಬಂತು. ದುಡ್ಡು ಇನ್ನೂ ಬಂದಿಲ್ಲ. ಡಾಲರ್ ಮಾತ್ರ 85.50ಕ್ಕೆ ಏರಿದೆ. ವರ್ಷದ ಆಸ್ತಿ-ಹೊಣೆ ಪಟ್ಟಿಯಲ್ಲಿ ಈ ಬಾಕಿಯನ್ನು ಎಷ್ಟೆಂದು ತೋರಿಸಬೇಕು? ಭಾರತದ ಲೆಕ್ಕ ಮಾನದಂಡ ಎಎಸ್ 11 ಮತ್ತು ದೊಡ್ಡ ಕಂಪನಿಗಳಿಗೆ ಅನ್ವಯಿಸುವ ಇಂಡ್ ಎಎಸ್ 21 ಎರಡೂ ಹೇಳುವುದು ಒಂದೇ. ಹಣದ ರೂಪದಲ್ಲಿ ಬರಬೇಕಾದ, ಕೊಡಬೇಕಾದ ಬಾಕಿಗಳನ್ನು ಅವಧಿ ಮುಗಿಯುವ ದಿನದ ದರಕ್ಕೆ ಮತ್ತೆ ಬೆಲೆ ಕಟ್ಟಬೇಕು, ವ್ಯತ್ಯಾಸವನ್ನು ಲಾಭ-ನಷ್ಟಕ್ಕೆ ಒಯ್ಯಬೇಕು. ಇದಕ್ಕೇ ರಿವ್ಯಾಲ್ಯುಯೇಶನ್ ಎನ್ನುವುದು. 85,50,000ದಲ್ಲಿ 84,00,000 ಕಳೆದರೆ 1,50,000. ಲಾಭ ಹೌದು, ಆದರೆ ಯಾರ ಕೈಗೂ ಬಂದಿಲ್ಲ. ಅಕೌಂಟೆಂಟುಗಳ ಬಾಯಲ್ಲಿ ಇದು ಅನ್‌ರಿಯಲೈಸ್ಡ್ ಲಾಭ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತಲ್ಲ ಎನ್ನಿಸಬಹುದು. ಆದರೆ ಹೊಲಿಸದಿದ್ದರೆ ಏನಾಗುತ್ತದೆ ನೋಡಿ. 2022ರ ಮಾರ್ಚ್ ಕೊನೆಗೆ ಡಾಲರ್ ಸುಮಾರು 75.8 ರೂಪಾಯಿ ಇತ್ತು. 2023ರ ಮಾರ್ಚ್ ಕೊನೆಗೆ ಸುಮಾರು 82.2. ಒಂದು ಲಕ್ಷ ಡಾಲರ್ ಸಾಲ ತೀರಿಸದೆ ಉಳಿಸಿಕೊಂಡಿದ್ದ ಆಮದುದಾರನ ಹೊಣೆ ಒಂದೇ ವರ್ಷದಲ್ಲಿ ಆರು ಲಕ್ಷ ರೂಪಾಯಿಗೂ ಮಿಕ್ಕಿ ಬೆಳೆದಿತ್ತು. ಹಳೆಯ ದರದಲ್ಲೇ ಬರೆದಿಟ್ಟರೆ ಅವನಿಗೆ ಸಾಲ ಕೊಟ್ಟ ಬ್ಯಾಂಕಿಗೆ ಆ ಆರು ಲಕ್ಷ ಕಾಣುವುದೇ ಇಲ್ಲ. ಲಾಭಕ್ಕೆ ಒಂದು ನ್ಯಾಯ, ನಷ್ಟಕ್ಕೆ ಒಂದು ನ್ಯಾಯ ಮಾಡಲಾಗದು ಎಂಬ ಕಾರಣಕ್ಕೇ ಕುಶಾಲನಗರದ ಒಂದೂವರೆ ಲಕ್ಷವನ್ನೂ ಬರೆಯಬೇಕಾಯಿತು.

ಈಗ ಕಥೆಯ ಮುಖ್ಯ ತಿರುವು. ಏಪ್ರಿಲ್ 1ರಂದು ಆ 1,50,000ದ ನಮೂದನ್ನು ಪೂರ್ತಿ ಹಿಂದಕ್ಕೆ ತಿರುಗಿಸುತ್ತಾರೆ. ಅಂದರೆ ಅದೇ ಮೊತ್ತಕ್ಕೆ ಉಲ್ಟಾ ಜರ್ನಲ್ ಎಂಟ್ರಿ. ಬಾಕಿ ಮತ್ತೆ 84,00,000ಕ್ಕೆ ಬಂತು, ಬಿಲ್ಲು ಹುಟ್ಟಿದ ದಿನ ಹೇಗಿತ್ತೋ ಹಾಗೆ. ಮಾರ್ಚ್ 31ರ ನಮೂದು ಒಂದು ರಾತ್ರಿಯ ಫೋಟೋ ಇದ್ದಂತೆ. ಫೋಟೋ ವಾರ್ಷಿಕ ಲೆಕ್ಕದಲ್ಲಿ ಉಳಿಯಿತು, ಖಾತೆ ಮೊದಲಿನ ಸ್ಥಿತಿಗೆ ಮರಳಿತು.

ಏಪ್ರಿಲ್ 25ರಂದು ದುಡ್ಡು ಬಂತು. ಅಷ್ಟರಲ್ಲಿ ಡಾಲರ್ ಸ್ವಲ್ಪ ಇಳಿದು 84.80 ಆಗಿತ್ತು. ಬ್ಯಾಂಕಿಗೆ ಜಮೆಯಾದದ್ದು 84,80,000. ಬಿಲ್ಲಿನ ರೂಪಾಯಿ ಮೌಲ್ಯ 84,00,000. ಉಳಿದ 80,000 ನಿಜವಾಗಿ ಕೈಗೆ ಬಂದ ಲಾಭ, ರಿಯಲೈಸ್ಡ್. ಗಿರಾಕಿಯ ಖಾತೆ ಡಾಲರಿನಲ್ಲೂ ಸೊನ್ನೆ, ರೂಪಾಯಿಯಲ್ಲೂ ಸೊನ್ನೆ.

ಏಪ್ರಿಲ್ ತಿಂಗಳ ಹಾಳೆಯಲ್ಲಿ ಈಗ ಎರಡು ಅಂಕಿಗಳಿವೆ. ತಿರುಗಿಸಿದ್ದರಿಂದ 1,50,000 ನಷ್ಟ, ವಸೂಲಿಯಿಂದ 80,000 ಲಾಭ. ಕೂಡಿದರೆ 70,000 ನಷ್ಟ. ಮಾಲೀಕರ ಬೆರಳು ನಿಂತದ್ದು ಇದರ ಮೇಲೆ. ಮಾರ್ಚ್ 31ರ ಸಂಜೆಗೆ 85.50 ಬಾಳುತ್ತಿದ್ದ ಡಾಲರ್ ವಸೂಲಿಯ ಹೊತ್ತಿಗೆ 84.80 ಆಗಿತ್ತು, ಪ್ರತಿ ಡಾಲರಿಗೆ ಎಪ್ಪತ್ತು ಪೈಸೆ ಹೊಸ ವರ್ಷದಲ್ಲೇ ಕರಗಿತು. ಹಳೆಯ ವರ್ಷಕ್ಕೆ ಒಂದೂವರೆ ಲಕ್ಷ ಲಾಭ, ಹೊಸ ವರ್ಷಕ್ಕೆ ಎಪ್ಪತ್ತು ಸಾವಿರ ನಷ್ಟ, ಒಟ್ಟು ಎಂಬತ್ತು ಸಾವಿರ ಲಾಭ. ಬ್ಯಾಂಕಿನ ಪಾಸ್‌ಬುಕ್ಕೂ ಎಂಬತ್ತು ಸಾವಿರವನ್ನೇ ಹೇಳುತ್ತದೆ. ಮಾನದಂಡ ಕೇಳುವುದೂ ಇದನ್ನೇ: ದರದ ಏರಿಳಿತ ಯಾವ ಅವಧಿಯಲ್ಲಿ ಆಯಿತೋ ಆ ಅವಧಿಗೇ ಅದು ಸೇರಲಿ.

ನನ್ನ ಅನುಭವದಲ್ಲಿ ಈ ಲೆಕ್ಕ ಕೆಡುವುದು ಹೆಚ್ಚಾಗಿ ಒಂದೇ ಜಾಗದಲ್ಲಿ, ಏಪ್ರಿಲ್ 1ರಂದು. ವರ್ಷದ ಕೊನೆಯ ಗಡಿಬಿಡಿಯಲ್ಲಿ ರಿವ್ಯಾಲ್ಯುಯೇಶನ್ ಮಾಡಿದವರು ಮರುದಿನ ತಿರುಗಿಸುವುದನ್ನು ಮರೆಯುತ್ತಾರೆ. ಮಾರ್ಚ್ ಲೆಕ್ಕ ಸರಿಯಾಗಿಯೇ ಇರುತ್ತದೆ, ಆಡಿಟರ್ ಸಹಿಯೂ ಬೀಳುತ್ತದೆ. ಏಪ್ರಿಲ್ 25ರಂದು ದುಡ್ಡು ಬಂದಾಗ ತಂತ್ರಾಂಶವು ಬಿಲ್ಲಿನ ಮೂಲ ದರ 84ನ್ನೇ ಹಿಡಿದು 80,000 ಲಾಭ ಬರೆಯುತ್ತದೆ. ಹಿಂದಿನ 1,50,000 ಹಾಗೇ ಕೂತಿದೆ. ಈಗ ಎರಡು ವರ್ಷಕ್ಕೆ ಸೇರಿ ಲಾಭ 2,30,000. ಬ್ಯಾಂಕಿಗೆ ಬಂದದ್ದು ಎಂಬತ್ತು ಸಾವಿರ ಮಾತ್ರ.

ಉಳಿದ ಒಂದೂವರೆ ಲಕ್ಷ ಎಲ್ಲಿದೆ? ಗಿರಾಕಿಯ ಖಾತೆ ತೆರೆದು ನೋಡಿ. ಬಿಲ್ಲಿನಿಂದ 84,00,000 ಖರ್ಚು ಬದಿಗೆ, ರಿವ್ಯಾಲ್ಯುಯೇಶನ್‌ನಿಂದ 1,50,000 ಅದೇ ಬದಿಗೆ. ವಸೂಲಿಯಿಂದ ಜಮೆಯಾದದ್ದು 84,00,000. ಡಾಲರ್ ಕಾಲಂ ಸೊನ್ನೆ, ರೂಪಾಯಿ ಕಾಲಂನಲ್ಲಿ 1,50,000 ಬಾಕಿ. ಇಟಲಿಯವರು ಒಂದು ಸೆಂಟೂ ಕೊಡಬೇಕಾಗಿಲ್ಲ, ಆದರೆ ನಮ್ಮ ಪುಸ್ತಕದ ಪ್ರಕಾರ ಒಂದೂವರೆ ಲಕ್ಷ ರೂಪಾಯಿ ಕೊಡಬೇಕು! ಇಂಥ ಖಾತೆಯಿಂದ ಯಾವ ಕಾಲಕ್ಕೂ ದುಡ್ಡು ಬರುವುದಿಲ್ಲ. ಒಂದು ಕಡೆ ಮೂರು ವರ್ಷ ಹಳೆಯ ಇಂಥ ಬಾಕಿಗಳನ್ನು ವಸೂಲಾಗದ ಸಾಲವೆಂದು ಬರೆದು ಹಾಕಲು ಪಟ್ಟಿ ಮಾಡಿಟ್ಟಿದ್ದರು. ಗಿರಾಕಿಗಳು ಪಾಪ ಯಾವತ್ತೋ ಪೈಸೆ ಪೈಸೆ ಲೆಕ್ಕ ಚುಕ್ತಾ ಮಾಡಿದ್ದರು.

ಎಲ್ಲ ತಂತ್ರಾಂಶಗಳೂ ಈ ವ್ಯತ್ಯಾಸವನ್ನು ಗಿರಾಕಿಯ ಖಾತೆಗೇ ಹಾಕುವುದಿಲ್ಲ. ಎಸ್‌ಎಪಿಯಲ್ಲಿ `FAGL_FCV` ಎಂಬ ವ್ಯವಹಾರವನ್ನು ಓಡಿಸಿದರೆ ಅದು ಗಿರಾಕಿಯ ಖಾತೆಯನ್ನು ಮುಟ್ಟದೆ ಪಕ್ಕದಲ್ಲೊಂದು ಹೊಂದಾಣಿಕೆ ಖಾತೆಗೆ ಬರೆಯುತ್ತದೆ. ಅಲ್ಲಿ ತಿರುಗಿಸುವುದು ತಪ್ಪಿದರೆ ಅನಾಥ ಮೊತ್ತ ಆ ಹೊಂದಾಣಿಕೆ ಖಾತೆಯಲ್ಲಿ ಕೂರುತ್ತದೆ. ಇಆರ್‌ಪಿನೆಕ್ಸ್ಟ್‌ನಲ್ಲಿ ಈ ಕೆಲಸಕ್ಕೆ `Exchange Rate Revaluation` ಎಂಬ ಪ್ರತ್ಯೇಕ ದಾಖಲೆಯೇ ಇದೆ. ನಮ್ಮ ಬೆಂಗಳೂರಿನ ಟ್ಯಾಲಿ ಬಳಸುವವರಿಗೆ ಇನ್ನೊಂದು ಸಾಲು ಚಿರಪರಿಚಿತ. ಯಾರೂ ಬರೆಯದೆ ತಾನಾಗಿ ಬ್ಯಾಲೆನ್ಸ್ ಶೀಟಿನಲ್ಲಿ ಕಾಣಿಸಿಕೊಳ್ಳುವ `Unadjusted Forex Gain/Loss`. ಇದೆಲ್ಲಿಂದ ಬಂತಪ್ಪ ಎಂದು ಹೊಸಬರು ಗಾಬರಿಯಾಗುತ್ತಾರೆ. ಡಾಲರ್ ಕಾಲಂಗೂ ರೂಪಾಯಿ ಕಾಲಂಗೂ ತಾಳೆಯಾಗುತ್ತಿಲ್ಲ, ನೀವು ಇನ್ನೂ ಜರ್ನಲ್ ಹಾಕಿಲ್ಲ ಎಂದು ಟ್ಯಾಲಿ ನೆನಪಿಸುವ ರೀತಿ ಅದು. ಆ ಸಾಲನ್ನು ಹೇಗಾದರೂ ಮಾಯ ಮಾಡಬೇಕೆಂದು ಯಾವುದೋ ಖಾತೆಗೆ ತಳ್ಳುವವರನ್ನು ಕಂಡಿದ್ದೇನೆ. ಜ್ವರ ಬಂದಿದೆಯೆಂದು ಥರ್ಮಾಮೀಟರ್ ಒಡೆದಂತೆ ಅದು.

ಇನ್ನೊಂದು ತಪ್ಪು ಇಷ್ಟು ಜೋರಾಗಿ ಕಾಣುವುದಿಲ್ಲ. ದುಡ್ಡು ಬಂದಿದೆ, ಆದರೆ ಅದು ಯಾವ ಬಿಲ್ಲಿನದು ಎಂದು ಗುರುತು ಮಾಡದೆ ಗಿರಾಕಿಯ ಹೆಸರಿಗೆ ಸುಮ್ಮನೆ ಜಮೆ ಮಾಡಿದ್ದಾರೆ. ಡಾಲರಿನಲ್ಲಿ ಒಂದು ಲಕ್ಷ ಖರ್ಚು, ಒಂದು ಲಕ್ಷ ಜಮೆ. ರೂಪಾಯಿಯಲ್ಲಿ 84,00,000ಕ್ಕೆ ಎದುರಾಗಿ 84,80,000. ಬಿಲ್ಲಿಗೂ ವಸೂಲಿಗೂ ಗಂಟು ಹಾಕದ ಕಾರಣ ತಂತ್ರಾಂಶದ ಕಣ್ಣಿಗೆ ಏನೂ ಇತ್ಯರ್ಥವಾಗಿಲ್ಲ. ಏಪ್ರಿಲ್ ಕೊನೆಯ ರಿವ್ಯಾಲ್ಯುಯೇಶನ್‌ನಲ್ಲಿ ಅದೇ 80,000 ಹೊರಬೀಳುತ್ತದೆ, ಆದರೆ ಕೈಗೆ ಬಾರದ ಲಾಭದ ಲೇಬಲ್ ಹಚ್ಚಿಕೊಂಡು. ಮೇ 1ಕ್ಕೆ ತಿರುಗುತ್ತದೆ, ಮೇ 31ಕ್ಕೆ ಮತ್ತೆ ಬರುತ್ತದೆ. ದರ ತಿಂಗಳು ತಿಂಗಳು ಕುಣಿದರೂ ಈ ಮೊತ್ತ ಮಾತ್ರ ಒಂದು ರೂಪಾಯಿಯೂ ಅಲುಗದೆ ಎಂಬತ್ತು ಸಾವಿರವಾಗಿಯೇ ಇದ್ದರೆ, ಅಲ್ಲಿ ಗಂಟು ಹಾಕದ ರಸೀದಿಯೊಂದಿದೆ ಎಂದೇ ಅರ್ಥ. ತೆರೆದಿರುವ ಬಾಕಿಯ ಲಾಭ-ನಷ್ಟ ದರದ ಜೊತೆ ಅಲುಗಾಡಲೇಬೇಕು.

ಗಂಟು ಹಾಕುವಾಗ ಒಂದು ಚಿಕ್ಕ ಎಚ್ಚರ ಬೇಕು. ಮಧ್ಯದ ವಿದೇಶಿ ಬ್ಯಾಂಕ್ ತನ್ನ ಶುಲ್ಕವೆಂದು ಇಪ್ಪತ್ತೈದು ಡಾಲರ್ ಹಿಡಿದುಕೊಂಡು 99,975 ಕಳಿಸಿರಬಹುದು. ಆ ಇಪ್ಪತ್ತೈದು ಡಾಲರ್ ಬ್ಯಾಂಕ್ ಶುಲ್ಕವೇ ಹೊರತು ವಿನಿಮಯ ನಷ್ಟವಲ್ಲ. ವಿನಿಮಯದ ಖಾತೆಗೇ ತುರುಕಿದರೆ ದರದ ಏರಿಳಿತದಿಂದ ಎಷ್ಟು ಹೋಯಿತು, ಬ್ಯಾಂಕಿನಿಂದ ಎಷ್ಟು ಹೋಯಿತು ಎಂಬುದು ಮುಂದೆ ಯಾರಿಗೂ ತಿಳಿಯದು.

ಹಾಗಾದರೆ ವಿದೇಶಿ ಹಣದ ಎಲ್ಲವನ್ನೂ ತಿಂಗಳ ಕೊನೆಗೆ ಹೊಸ ದರಕ್ಕೆ ತರಬೇಕೆ? ಇಲ್ಲ. ಇದೇ ಕಂಪನಿ ಬೀಜದ ಬಣ್ಣ ವಿಂಗಡಿಸುವ ಯಂತ್ರವೊಂದನ್ನು ಜಪಾನಿನಿಂದ ತರಿಸಿದೆ ಎಂದುಕೊಳ್ಳಿ, ಅದರ ಬಾಬ್ತು 20,00,000 ಯೆನ್ ಕೊಡುವುದು ಬಾಕಿಯಿದೆ. ಯಂತ್ರದ ಬೆಲೆ ತಂದ ದಿನದ ದರದಲ್ಲೇ ಉಳಿಯುತ್ತದೆ, ಯೆನ್ ಏರಿದರೆಂದು ಶೆಡ್ಡಿನಲ್ಲಿ ನಿಂತ ಯಂತ್ರದ ಬೆಲೆ ಏರಿಸುವಂತಿಲ್ಲ. ಆದರೆ ಕೊಡಬೇಕಾದ ಯೆನ್ ಬಾಕಿಗೆ ತಿಂಗಳ ಕೊನೆಯ ದರವೇ. ಒಂದೇ ಖರೀದಿ, ಎರಡು ಕಾಲು, ಎರಡು ನಿಯಮ. ಹಣವಾಗಿ ಕೈ ಬದಲಿಸುವುದಕ್ಕೆ ಮಾತ್ರ ಹೊಸ ದರ.

ಮುಂಗಡದ ವಿಷಯದಲ್ಲಿ ಅನುಭವಸ್ಥರೂ ಎಡವುತ್ತಾರೆ. ಜೂನ್‌ನಲ್ಲಿ ಕಳಿಸಬೇಕಾದ ಕಾಫಿಗೆ ಇಟಲಿಯವರು ಮಾರ್ಚ್‌ನಲ್ಲೇ 20,000 ಡಾಲರ್ ಕೊಟ್ಟಿದ್ದಾರೆ. ಈ ಹೊಣೆ ತೀರುವುದು ಕಾಫಿ ಕೊಟ್ಟು, ಡಾಲರ್ ವಾಪಸು ಕೊಟ್ಟಲ್ಲ. ಆದ್ದರಿಂದ ಅದು ಬಂದ ದಿನದ ದರದಲ್ಲೇ ನಿಲ್ಲಬೇಕು. ಒಪ್ಪಂದ ಮುರಿದು ದುಡ್ಡನ್ನೇ ಹಿಂತಿರುಗಿಸಬೇಕಾಗಿ ಬಂದರೆ ಮಾತ್ರ ಅದು ಹಣದ ಬಾಕಿಯಾಗುತ್ತದೆ. ತಂತ್ರಾಂಶಕ್ಕೆ ಈ ಸೂಕ್ಷ್ಮ ತಿಳಿಯದು. ಮುಂಗಡವೂ ಬಿಲ್ಲೂ ಒಂದೇ ಗಿರಾಕಿಯ ಖಾತೆಯಲ್ಲಿದ್ದರೆ ಎರಡನ್ನೂ ಎತ್ತಿಕೊಂಡು ಹೊಸ ದರ ಹಚ್ಚಿಬಿಡುತ್ತದೆ. ಮುಂಗಡಕ್ಕೆ ಬೇರೆ ಖಾತೆ ಇಡುವುದೇ ಉಪಾಯ. ಇಲ್ಲದಿದ್ದರೆ ರಿವ್ಯಾಲ್ಯುಯೇಶನ್ ಪಟ್ಟಿ ಕೈಗೆ ಬಂದಾಗ ಗಿರಾಕಿಗಳ ಪೈಕಿ ಜಮೆ ಬಾಕಿ ಇರುವವರ ಹೆಸರಿನ ಮೇಲೆ ಒಮ್ಮೆ ಕಣ್ಣು ಹಾಯಿಸಬೇಕು.

ಇಷ್ಟೆಲ್ಲ ಸರಿಯಿದ್ದರೂ ದರವೇ ತಪ್ಪಿದ್ದರೆ? ಮಾರ್ಚ್ 31ರ ದರವನ್ನು ಯಾರೂ ಕೋಷ್ಟಕಕ್ಕೆ ತುಂಬದಿದ್ದರೆ ಸಾಮಾನ್ಯವಾಗಿ ತಂತ್ರಾಂಶ ಜಗಳವಾಡುವುದಿಲ್ಲ. ತನಗೆ ಕೊನೆಯದಾಗಿ ತಿಳಿದಿದ್ದ ದರವನ್ನು ಹಿಡಿದು ಮುಂದುವರಿಯುತ್ತದೆ. ಅದು ಫೆಬ್ರವರಿ 20ರ 84 ಆಗಿದ್ದರೆ ವ್ಯತ್ಯಾಸ ಸೊನ್ನೆ ಬರುತ್ತದೆ, ಎಲ್ಲರೂ ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ. ಭಾರತದಲ್ಲಿ ಡಾಲರ್, ಯೂರೋ, ಪೌಂಡ್, ಯೆನ್‌ಗಳಿಗೆ ಆಧಾರ ದರವನ್ನು 2018ರ ಜುಲೈನಿಂದ ಎಫ್‌ಬಿಐಎಲ್ ಪ್ರಕಟಿಸುತ್ತಿದೆ, ಅದಕ್ಕೂ ಮುಂಚೆ ರಿಸರ್ವ್ ಬ್ಯಾಂಕೇ ಪ್ರಕಟಿಸುತ್ತಿತ್ತು. ರಜೆಯ ದಿನ ದರ ಇರುವುದಿಲ್ಲ. 2024ರ ಮಾರ್ಚ್ 31 ಭಾನುವಾರ ಬಿದ್ದಾಗ ಹಿಂದಿನ ಕೆಲಸದ ದಿನದ ದರಕ್ಕೆ ಹೋಗಬೇಕಾಯಿತು. ಯೆನ್ ದರ ನೂರು ಯೆನ್‌ಗೆ ಇಷ್ಟು ಎಂದು ಪ್ರಕಟವಾಗುತ್ತದೆಂಬುದೂ ನೆನಪಿರಲಿ. ನೂರು ಯೆನ್‌ಗೆ 56 ರೂಪಾಯಿ ಎಂಬುದನ್ನು ಒಂದು ಯೆನ್‌ಗೆ 56 ಎಂದು ತುಂಬಿದರೆ ಆ ಯಂತ್ರದ 11,20,000 ರೂಪಾಯಿ ಬಾಕಿ ಹನ್ನೊಂದು ಕೋಟಿ ದಾಟುತ್ತದೆ. ಒಂದು ಲೆಕ್ಕದಲ್ಲಿ ಇದು ಒಳ್ಳೆಯ ತಪ್ಪು, ಯಾರ ಕಣ್ಣಿಗಾದರೂ ಬಿದ್ದೇ ಬೀಳುತ್ತದೆ. 85.50ರ ಬದಲು 85.05 ಎಂದು ಬಿದ್ದದ್ದು ಯಾರ ಕಣ್ಣಿಗೂ ಬೀಳದು.

ಹೀಗಾಗಿ ತಿಂಗಳ ಕೊನೆಯಲ್ಲಿ ತಂತ್ರಾಂಶ ಏನೇ ಹೇಳಲಿ, ಒಂದು ಹಾಳೆಯಲ್ಲಿ ಕೈಯಾರೆ ಮಾಡುವ ಪರೀಕ್ಷೆಯೊಂದಿದೆ. ತೆರೆದ ಖಾತೆಗಳ ಡಾಲರ್ ಬಾಕಿಯನ್ನು ಅವಧಿಯ ಕೊನೆಯ ದರದಿಂದ ಗುಣಿಸಿ. ರಿವ್ಯಾಲ್ಯುಯೇಶನ್ ಆದ ಮೇಲಿನ ರೂಪಾಯಿ ಬಾಕಿ ಅಷ್ಟೇ ಇರಬೇಕು. ಮರುದಿನ, ತಿರುಗಿಸಿದ ಮೇಲೆ, ಡಾಲರ್ ಸೊನ್ನೆಯಾಗಿರುವ ಖಾತೆಗಳನ್ನಷ್ಟೇ ಬೇರ್ಪಡಿಸಿ. ಅವುಗಳ ರೂಪಾಯಿ ಬಾಕಿಯೂ ಸೊನ್ನೆಯಿರಬೇಕು. ಎಸ್‌ಎಪಿಯಲ್ಲಾದರೆ ಹೊಂದಾಣಿಕೆ ಖಾತೆಯನ್ನೂ ಜೊತೆಗಿಟ್ಟುಕೊಂಡು ನೋಡಬೇಕು. ಹತ್ತು ನಿಮಿಷದ ಕೆಲಸ.

ಮಾಲೀಕರಿಗೆ ಲೆಕ್ಕ ಅರ್ಥವಾಯಿತು. ಆದರೆ ಅವರ ತಲೆಯಲ್ಲಿ ಇನ್ನೊಂದು ಪ್ರಶ್ನೆ ಇತ್ತು.

"ಮಾರ್ಚ್‌ನ ಆ ಒಂದೂವರೆ ಲಕ್ಷಕ್ಕೆ ತೆರಿಗೆ?"

"ಕಟ್ಟಬೇಕು ಸರ್."

ಇಂಥ ಬಾಕಿಯ ಮೇಲೆ ವರ್ಷದ ಕೊನೆಯಲ್ಲಿ ಕಾಣುವ ನಷ್ಟವನ್ನು, ಅದು ಕಾಗದದ ಮೇಲಿನದೇ ಆಗಿದ್ದರೂ, ಖರ್ಚಾಗಿ ಕಳೆಯಬಹುದೆಂದು ಸುಪ್ರೀಂ ಕೋರ್ಟ್ 2009ರಲ್ಲಿ ವುಡ್‌ವರ್ಡ್ ಗವರ್ನರ್ ಪ್ರಕರಣದಲ್ಲಿ ಹೇಳಿತ್ತು. ಮುಂದೆ 2018ರ ಹಣಕಾಸು ಕಾಯ್ದೆ 43ಎಎ ಕಲಮನ್ನು ಸೇರಿಸಿ ಲಾಭಕ್ಕೂ ನಷ್ಟಕ್ಕೂ ಒಂದೇ ದಾರಿ ಹಾಕಿತು. ನಷ್ಟವನ್ನು ಕಳೆಯಲು ಬಿಟ್ಟ ಮೇಲೆ ಲಾಭಕ್ಕೆ ತೆರಿಗೆ ಕೇಳುವುದು ಸಹಜವೇ. ಹಳೆಯ ವರ್ಷದಲ್ಲಿ ಒಂದೂವರೆ ಲಕ್ಷಕ್ಕೆ ತೆರಿಗೆ ಕಟ್ಟಿದರೆ, ಹೊಸ ವರ್ಷದಲ್ಲಿ ಎಪ್ಪತ್ತು ಸಾವಿರ ಕಳೆಯಲು ಸಿಗುತ್ತದೆ.

"ಹಾಗಾದರೆ ಅದು ಲಾಭವೇ ಆಯಿತಲ್ಲ. ಈ ಸಲದ ಡಿವಿಡೆಂಡ್‌ಗೆ ಸೇರಿಸಿ ಹಂಚಿಕೊಳ್ಳಬಹುದಾ?"

"ಅದು ಆಗಲ್ಲ ಸರ್." ಕಂಪನಿಗಳ ಕಾಯ್ದೆಯ 123ನೇ ಕಲಂ ಡಿವಿಡೆಂಡ್‌ಗೆ ಲಾಭ ಲೆಕ್ಕ ಹಾಕುವಾಗ ಕೈಗೆ ಬಾರದ ಲಾಭವನ್ನು ಹೊರಗಿಡಬೇಕೆನ್ನುತ್ತದೆ.

ಮಾಲೀಕರು ಕುರ್ಚಿಗೆ ಒರಗಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ತೆರಿಗೆಯವರಿಗೆ ಬಂದ ದುಡ್ಡು, ನಮಗೆ ಬಾರದ ದುಡ್ಡು," ಎಂದು ನಕ್ಕರು. ಆಮೇಲೆ ಪೆನ್ನು ತೆಗೆದುಕೊಂಡು ಹಾಳೆಯಲ್ಲಿದ್ದ ಎಪ್ಪತ್ತು ಸಾವಿರದ ಸಾಲನ್ನು ಹೊಡೆದು, ಅದರ ಕೆಳಗೆ ಎರಡು ಸಾಲು ಬರೆದುಕೊಟ್ಟರು: ಬಂದದ್ದು 80,000; ತಿರುಗಿಸಿದ್ದು 1,50,000. "ಮುಂದಿನ ತಿಂಗಳಿಂದ ಹೀಗೆ ಬೇರೆ ಬೇರೆ ಕೊಡು."